ಹೂಡಿಕೆಯಲ್ಲಿ ಯಾರ ಪಾಲಿನ ಏರಿಳಿತ ಎಷ್ಟು?

ನೂರು ರೂಪಾಯಿಯಲ್ಲಿ 60 ಷೇರಿಗೆ, 40 ಬಾಂಡಿಗೆ ಹಾಕಿದ್ದೀರಿ ಎನ್ನೋಣ. ವಾರ್ಷಿಕ ಏರಿಳಿತ ಷೇರಿನದು ಶೇ. 20, ಬಾಂಡಿನದು ಶೇ. 5, ಅವೆರಡರ ಸಹಸಂಬಂಧ 0.2. ಆಗ ಒಟ್ಟು ಏರಿಳಿತ ಶೇ. 12.55.

ಇದರಲ್ಲಿ ಯಾರ ಪಾಲೆಷ್ಟು? ಮೊದಲು ಪ್ರತಿ ಆಸ್ತಿಗೂ ಇಡೀ ಹೂಡಿಕೆಗೂ ನಡುವಿನ ಸಹವ್ಯತ್ಯಯ ಕಂಡುಕೊಳ್ಳಬೇಕು: ಷೇರಿಗೆ 0.0248, ಬಾಂಡಿಗೆ 0.0022. ಅದನ್ನು ಒಟ್ಟು ಏರಿಳಿತವಾದ 0.1255ರಿಂದ ಭಾಗಿಸಿದರೆ ಸಿಗುವುದೇ ಸೀಮಾಂತ ಅಪಾಯ, ಅಂದರೆ ಆ ಆಸ್ತಿಯನ್ನು ತುಸು ಹೆಚ್ಚಿಸಿದರೆ ಒಟ್ಟು ಏರಿಳಿತ ಹೆಚ್ಚುವ ದರ. ಷೇರಿಗೆ ಅದು ಸುಮಾರು ಶೇ. 19.75, ಬಾಂಡಿಗೆ 1.75. ಹೂಡಿಕೆಯ ಪ್ರಮಾಣದಿಂದ ಗುಣಿಸಿದರೆ 11.85 ಮತ್ತು 0.70, ಕೂಡಿದರೆ ಮತ್ತೆ 12.55.

ಹಣದಲ್ಲಿ ಷೇರಿನ ಪಾಲು ಶೇ. 60, ಅಪಾಯದಲ್ಲಿ ಶೇ. 94! ಅಪಾಯ ಸಮನಾಗಬೇಕಾದರೆ ಷೇರು 20, ಬಾಂಡು 80 ಇರಬೇಕು. ಆದರೆ ಈ ಅಂಕಿಗಳೆಲ್ಲ ಹಳೆಯ ಬೆಲೆಗಳಿಂದ ಬಂದವು. ಮಾರುಕಟ್ಟೆ ಬದಲಾದಾಗ ಲೆಕ್ಕವನ್ನು ಹೊಸದಾಗಿ ಮಾಡಿ.