ಅಡಿಕೆ ದುಡ್ಡು ಬರುವವರೆಗೆ

ತೀರ್ಥಹಳ್ಳಿಯಲ್ಲಿರುವ ನಮ್ಮ ಭಾವನದು ಅಡಿಕೆ ತೋಟ. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಆಗಸ್ಟ್‌ನಲ್ಲಿ. ಎರಡು ಲಕ್ಷ ತಕ್ಷಣ ಕಟ್ಟಬೇಕಿತ್ತು. ಆದರೆ ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ ಮಂಡಿಗೆ ಹೋಗಿ ದುಡ್ಡು ಕೈಸೇರುವುದು ಜನವರಿಗೆ. "ಪಾಲಿಸಿ ಸರೆಂಡರ್ ಮಾಡಿಬಿಡ್ಲಾ ಮಾರಾಯ, ಇಲ್ಲಾ ಶೇರು ಮಾರಲಾ?" ಎಂದು ಫೋನ್ ಮಾಡಿದರು. ಅವರ ಬಳಿ ಎರಡೂ ಇದ್ದವು: ವರ್ಷಕ್ಕೆ 24,000 ರೂಪಾಯಿಯಂತೆ ಹನ್ನೆರಡು ವರ್ಷ ಕಂತು ಕಟ್ಟಿದ ಎಲ್‌ಐಸಿ ಎಂಡೋಮೆಂಟ್ ಪಾಲಿಸಿ, ಮತ್ತು ನಾಲ್ಕು ಲಕ್ಷಕ್ಕೆ ಕೊಂಡು ಈಗ ಆರು ಲಕ್ಷವಾಗಿರುವ ಶೇರುಗಳು.

ಪಾಲಿಸಿ ಸರೆಂಡರ್ ಮಾಡುವ ಮಾತನ್ನು ಮೊದಲು ತಳ್ಳಿಹಾಕಿದೆ. ಕಟ್ಟಿದ್ದು 2,88,000, ಶಾಖೆಯಲ್ಲಿ ಹೇಳಿದ ಸರೆಂಡರ್ ಮೌಲ್ಯ 2,60,000. ಕೈಬಿಡುವುದು ಆ 28,000 ಮಾತ್ರವಲ್ಲ. ವಿಮಾ ರಕ್ಷಣೆ ಅಂದೇ ನಿಂತುಹೋಗುತ್ತದೆ, ಮೆಚ್ಯೂರಿಟಿಯಲ್ಲಿ ಬರಬೇಕಾದ ಬೋನಸ್ ತಪ್ಪುತ್ತದೆ. ಐದು ತಿಂಗಳ ಅಡಚಣೆಗೆ ಇದು ಮರದ ಅಡಿಕೆ ಬೇಕೆಂದು ಮರವನ್ನೇ ಕಡಿದಂತೆ.

ಅದೇ ಪಾಲಿಸಿಯ ಮೇಲೆ ಸಾಲ ಎತ್ತಿದರೆ ಲೆಕ್ಕ ಬೇರೆ. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ ಸುಮಾರು ಶೇ. 90ರವರೆಗೆ, ಅಂದರೆ ಇಲ್ಲಿ 2,34,000ದವರೆಗೆ ಸಿಗುತ್ತದೆ. ಬಾಂಡ್ ಒಪ್ಪಿಸಿ, ಪಾಲಿಸಿಯನ್ನು ನಿಗಮದ ಹೆಸರಿಗೆ ಬರೆದುಕೊಟ್ಟರೆ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ರಕ್ಷಣೆ ಮುಂದುವರಿಯುತ್ತದೆ, ನಡುವೆ ಏನಾದರೂ ಆದರೆ ಸಾಲ, ಬಡ್ಡಿ ಮುರಿದುಕೊಂಡು ಉಳಿದದ್ದು ನಾಮಿನಿಗೆ. ಬಡ್ಡಿ ಶೇ. 9.5 ಎಂದಿಟ್ಟುಕೊಂಡರೆ ಎರಡು ಲಕ್ಷಕ್ಕೆ ಆರು ತಿಂಗಳಿಗೆ 9,500. ನಾಲ್ಕೇ ತಿಂಗಳಲ್ಲಿ ತೀರಿಸಿದರೂ ಆರು ತಿಂಗಳ ಬಡ್ಡಿ ಕೊಡಬೇಕು, ಕನಿಷ್ಠ ಅವಧಿ ಅದೇ. (ಟರ್ಮ್ ಪಾಲಿಸಿಗೆ ಸರೆಂಡರ್ ಮೌಲ್ಯವೇ ಇರುವುದಿಲ್ಲ, ಅದರ ಮೇಲೆ ಸಾಲದ ಪ್ರಶ್ನೆಯೂ ಇಲ್ಲ.)

ಈ ಸಾಲದ ಅಪಾಯ ಅದರ ಸೌಮ್ಯತೆಯಲ್ಲೇ ಇದೆ. ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ. ಕಟ್ಟದ ಬಡ್ಡಿ ಆರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಕಂತನ್ನೂ ನಿಲ್ಲಿಸಿಬಿಟ್ಟರೆ ಒಂದು ದಿನ ಬಾಕಿ ಸರೆಂಡರ್ ಮೌಲ್ಯವನ್ನು ದಾಟಿ, ಪಾಲಿಸಿಯೇ ಮುಕ್ತಾಯವಾಗುತ್ತದೆ.

ಇನ್ನು ಶೇರು. ಅಡ ಇಟ್ಟರೆ ಅವು ನಮ್ಮ ಡಿಮ್ಯಾಟ್ ಖಾತೆಯಲ್ಲೇ ಇರುತ್ತವೆ, ಮಾರಲು ಮಾತ್ರ ಬರುವುದಿಲ್ಲ, ಡಿವಿಡೆಂಡ್ ನಮ್ಮದೇ. ಸಾಲ ಕೊಡುವವರ ಪಟ್ಟಿಯಲ್ಲಿರುವ ಶೇರುಗಳೇ ಆಗಬೇಕು. ಸಾಮಾನ್ಯವಾಗಿ ಬೆಲೆಯ ಅರ್ಧದಷ್ಟು ಕೊಡುತ್ತಾರೆಂದು ಹಿಡಿದರೆ ಭಾವನಿಗೆ ಮೂರು ಲಕ್ಷದ ಮಿತಿ. ಶೇ. 10.5ರಲ್ಲಿ ಎರಡು ಲಕ್ಷಕ್ಕೆ ಐದು ತಿಂಗಳ ಬಡ್ಡಿ 8,750, ಮೇಲೆ ಶುಲ್ಕ ಬೇರೆ.

ಚಿನ್ನ ಅಡ ಇಟ್ಟು ಅಭ್ಯಾಸವಿದ್ದವರು ಎಡವುವುದು ಇಲ್ಲಿ. ಶೇರಿನ ಬೆಲೆಯನ್ನು ದಿನವೂ ಅಳೆಯುತ್ತಾರೆ. ಆರು ಲಕ್ಷದ್ದು ನಾಲ್ಕು ಲಕ್ಷಕ್ಕೆ ಇಳಿಯುವವರೆಗೆ ಎರಡು ಲಕ್ಷದ ಸಾಲಕ್ಕೆ ತೊಂದರೆಯಿಲ್ಲ. ಆದರೆ ಮಿತಿಯಷ್ಟೂ, ಅಂದರೆ ಮೂರು ಲಕ್ಷವನ್ನೂ ಎತ್ತಿದ್ದರೆ ಮರುದಿನ ಪೇಟೆ ಶೇ. 2 ಬಿದ್ದರೂ ಕೊರತೆ. ನೋಟಿಸ್ ಬರುತ್ತದೆ: ಇನ್ನಷ್ಟು ಶೇರು ಇಡಿ, ಇಲ್ಲವೇ ದುಡ್ಡು ಕಟ್ಟಿ. ಕೆಲವೇ ದಿನಗಳಲ್ಲಿ ತುಂಬಿಕೊಡದಿದ್ದರೆ ಅವರೇ ಮಾರುತ್ತಾರೆ, ಅದೂ ಬೆಲೆ ಬಿದ್ದ ಹೊತ್ತಿನಲ್ಲಿ. ಆ ಮಾರಾಟದಲ್ಲಿ ಲಾಭವಿದ್ದರೆ ತೆರಿಗೆ ಮಾತ್ರ ನಮ್ಮ ತಲೆಗೆ.

ಹಾಗಾದರೆ ಮಾರುವುದು ತಪ್ಪೇ? "ಶೇರು ಎಂದೂ ಮಾರಬೇಡಿ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಲಕ್ಷದ ಶೇರು ಮಾರಿದರೆ ಅದರಲ್ಲಿ ಲಾಭ ಸುಮಾರು 66,700. ಕೊಂಡು ಹನ್ನೆರಡು ತಿಂಗಳು ದಾಟಿದ್ದರೆ, ಆ ಹಣಕಾಸು ವರ್ಷದಲ್ಲಿ ಒಟ್ಟು 1,25,000ದವರೆಗಿನ ಇಂಥ ಲಾಭಕ್ಕೆ ತೆರಿಗೆಯಿಲ್ಲ. ಖರ್ಚು ಬರೀ ಕೆಲವು ನೂರು ರೂಪಾಯಿ. ಜನವರಿಯಲ್ಲಿ ಅವನ್ನೇ ಮತ್ತೆ ಕೊಳ್ಳಬಹುದು. ನಷ್ಟವಾಗುವುದು ಅಷ್ಟರಲ್ಲಿ ಬೆಲೆ ಶೇ. 5ಕ್ಕಿಂತ ಹೆಚ್ಚು ಏರಿದರೆ ಮಾತ್ರ, ಏಕೆಂದರೆ ಸಾಲದ ಖರ್ಚೂ ಹೆಚ್ಚುಕಡಿಮೆ ಅಷ್ಟೇ.

ಭಾವನ ದುರದೃಷ್ಟ, ಅವರು ಕೊಂಡು ಹನ್ನೊಂದೇ ತಿಂಗಳಾಗಿತ್ತು. ವರ್ಷ ತುಂಬದ ಲಾಭಕ್ಕೆ ಶೇ. 20 ತೆರಿಗೆ, ಅದರ ಮೇಲೆ ಸೆಸ್: ಸುಮಾರು 13,900. ಬಡ್ಡಿಗಿಂತ ಜಾಸ್ತಿ.

ಕೊನೆಗೆ ಪಾಲಿಸಿಯ ಮೇಲೇ ಸಾಲ ಎತ್ತಿದರು. ಮಂಡಿಯಲ್ಲಿ ಧಾರಣೆ ಇಳಿದು ಅಡಿಕೆ ಇನ್ನೆರಡು ತಿಂಗಳು ಇಟ್ಟುಕೊಳ್ಳಬೇಕಾಗಿ ಬಂದರೆ, ಶೇರುಪೇಟೆಯನ್ನೂ ದಿನಾ ನೋಡುತ್ತ ಕೂರುವ ತಾಪತ್ರಯ ಬೇಡ ಎಂದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿಯ ಬಡ್ಡಿ ದಿನಾಂಕಕ್ಕೆ ಅಕ್ಕ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ.