ಟ್ಯಾಲಿಯಲ್ಲಿ ವಸೂಲಿ ನಮೂದು: ಅವಸರ ಎಲ್ಲಿ ಸಲ್ಲದು?

ಸಗಟು ವರ್ತಕರ ಕಛೇರಿಗಳಲ್ಲಿ ಲೆಕ್ಕಿಗರ ನಿಜವಾದ ಕೆಲಸ ಆರಂಭವಾಗುವುದು ಸಂಜೆ, ಮಾರಾಟ ಪ್ರತಿನಿಧಿಗಳು ವಸೂಲಿ ಪಟ್ಟಿಯನ್ನು ಮೇಜಿನ ಮೇಲಿಟ್ಟ ಮೇಲೆ. ಮೂರು ನಾಲ್ಕು ಪಟ್ಟಿಗಳಾದರೆ ನೂರಕ್ಕೂ ಹೆಚ್ಚು ನಮೂದುಗಳಾಗುತ್ತವೆ. ಇವುಗಳನ್ನು ಬೇಗ ಮುಗಿಸಲು ಟ್ಯಾಲಿಪ್ರೈಮ್‌ನಲ್ಲಿರುವ ಕೀಲಿಗಳನ್ನೂ, ಅವುಗಳ ವೇಗಕ್ಕೆ ಕಡಿವಾಣ ಹಾಕಬೇಕಾದ ಒಂದು ಸ್ಥಳವನ್ನೂ ಇಲ್ಲಿ ವಿವರಿಸಲಾಗಿದೆ.

ವೋಚರ್ ಪರದೆಯಲ್ಲಿ F6 ಒತ್ತಿದರೆ ರಸೀದಿ ವೋಚರ್ ತೆರೆದುಕೊಳ್ಳುತ್ತದೆ. ಕೂಡಲೇ F2 ಒತ್ತಿ ದಿನಾಂಕವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಹಿಂದಿನ ನಮೂದಿನ ದಿನಾಂಕವೇ ಮುಂದುವರಿಯುವುದರಿಂದ, ಇದನ್ನು ಮರೆತರೆ ಇಂದಿನ ವಸೂಲಿಯೆಲ್ಲ ನಿನ್ನೆಯ ನಗದು ಪುಸ್ತಕಕ್ಕೆ ಸೇರಿಬಿಡುತ್ತದೆ. ಅನಂತರ Ctrl+H ಒತ್ತಿ Single Entry ವಿಧಾನವನ್ನು ಆರಿಸಬೇಕು. ಇನ್ನೂ ಟ್ಯಾಲಿ ಇಆರ್‌ಪಿ 9 ಬಳಸುತ್ತಿರುವವರಿಗೆ ಈ ಆಯ್ಕೆ F12ರಲ್ಲಿ ದೊರೆಯುತ್ತದೆ.

ಈ ವಿಧಾನದಲ್ಲಿ ಮೇಲ್ಭಾಗದ Account ಎಂಬಲ್ಲಿ ನಗದು ಖಾತೆಯನ್ನು ಒಮ್ಮೆ ಆರಿಸಿದರೆ ಸಾಕು. ಕೆಳಗೆ ಅಂಗಡಿಯ ಹೆಸರು, ಮೊತ್ತ, ಮತ್ತೆ ಹೆಸರು, ಮೊತ್ತ ಎಂದು ಇಡೀ ಪಟ್ಟಿಯನ್ನು ಒಂದೇ ವೋಚರಿನಲ್ಲಿ ಇಳಿಸಬಹುದು. ಖಾತೆಯಿಲ್ಲದ ಹೊಸ ಅಂಗಡಿ ಬಂದರೆ ಪರದೆ ಬಿಟ್ಟು ಹೋಗಬೇಕಾಗಿಲ್ಲ; ಹೆಸರಿನ ಸ್ಥಾನದಲ್ಲಿ Alt+C ಒತ್ತಿ ಅಲ್ಲಿಯೇ ಖಾತೆ ತೆರೆಯಬಹುದು. ಅದೇ Alt+C ಅನ್ನು ಮೊತ್ತದ ಸ್ಥಾನದಲ್ಲಿ ಒತ್ತಿದರೆ ಗಣಕ ತೆರೆದು, ಕೂಡಿದ ಉತ್ತರ ತಾನಾಗಿಯೇ ಅಲ್ಲಿ ಬಂದು ಕೂರುತ್ತದೆ. ಪಟ್ಟಿಯ ಒಟ್ಟು ಮೊತ್ತವೂ ಪರದೆಯ ಒಟ್ಟು ಮೊತ್ತವೂ ತಾಳೆಯಾದ ಬಳಿಕ Ctrl+A ಒತ್ತಿ ವೋಚರನ್ನು ಅಂಗೀಕರಿಸಬಹುದು.

ಈ ಸೌಲಭ್ಯ ನಗದಿಗೆ ಮಾತ್ರ ಸೂಕ್ತವೆಂದು ನನ್ನ ಅಭಿಪ್ರಾಯ. ಯುಪಿಐ ಮೂಲಕವೋ ಚೆಕ್ ಮೂಲಕವೋ ಬಂದ ಹಣ ಬ್ಯಾಂಕಿನ ವಿವರಪಟ್ಟಿಯಲ್ಲಿ ಒಂದೊಂದಾಗಿಯೇ ಜಮೆಯಾಗುವುದರಿಂದ, ಪುಸ್ತಕದಲ್ಲಿಯೂ ಒಂದೊಂದಾಗಿ ಬರೆದರೆ ತಿಂಗಳ ಕೊನೆಯ ತಾಳೆ ಸುಲಭವಾಗುತ್ತದೆ. ಅಲ್ಲಿ Ctrl+R ನೆರವಾಗುತ್ತದೆ. ಅದೇ ಬಗೆಯ ಹಿಂದಿನ ವೋಚರಿನ ವಿವರಣೆಯನ್ನು ಅದು ಮರಳಿ ತರುತ್ತದೆ. ಹಳೆಯ ಚೆಕ್ಕಿನ ಸಂಖ್ಯೆಯೂ ಅದರೊಂದಿಗೇ ಬರುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬಿಲ್‌ವಾರು ಲೆಕ್ಕವಿಡುವ ಖಾತೆಯಾದರೆ, ಮೊತ್ತ ನಮೂದಿಸಿದೊಡನೆ ಈ ಹಣ ಯಾವ ಬಿಲ್ಲಿಗೆ ಸಂಬಂಧಿಸಿದ್ದು ಎಂದು ಕೇಳುವ ಪುಟ್ಟ ಪರದೆಯೊಂದು ಬರುತ್ತದೆ. ಕೈ ಓಡುತ್ತಿರುವ ಲೆಕ್ಕಿಗರು On Account ಎಂದು ಆರಿಸಿ ಮುಂದೆ ಸಾಗುವುದು ಇಲ್ಲಿಯೇ.

ಒಂದು ಉದಾಹರಣೆ ನೋಡೋಣ. ಅಂಗಡಿಯೊಂದರ ಹೆಸರಿನಲ್ಲಿ 412ನೆಯ ಬಿಲ್ಲು ರೂ. 18,400 ಹಾಗೂ 437ನೆಯ ಬಿಲ್ಲು ರೂ. 11,600, ಒಟ್ಟು ರೂ. 30,000 ಬಾಕಿಯಿದೆ ಎಂದುಕೊಳ್ಳಿ. ಅಂಗಡಿಯವರು ರೂ. 20,000 ಕೊಟ್ಟರು. Agst Ref ಆರಿಸಿ, ಮೊದಲ ಬಿಲ್ಲಿಗೆ 18,400, ಉಳಿದ 1,600ನ್ನು ಎರಡನೆಯದಕ್ಕೆ ಹಂಚಿದರೆ 412 ತೀರಿಹೋಗಿ 437ರಲ್ಲಿ ರೂ. 10,000 ಮಾತ್ರ ಉಳಿಯುತ್ತದೆ. On Account ಎಂದು ಬರೆದರೂ ಖಾತೆಯ ಶಿಲ್ಕು ರೂ. 10,000 ಎಂದೇ ತೋರುತ್ತದೆ. ಆದಕಾರಣ ಲೆಡ್ಜರ್ ನೋಡಿದವರಿಗೆ ದೋಷ ತಿಳಿಯುವುದೇ ಇಲ್ಲ. ಆದರೆ ಬಾಕಿ ಪಟ್ಟಿಯಲ್ಲಿ ಎರಡೂ ಬಿಲ್ಲುಗಳು ಪೂರ್ಣವಾಗಿ ನಿಂತಿರುತ್ತವೆ. 20,000 ಬೇರೆಯಾಗಿ ಕೆಳಗೆ ಕುಳಿತಿರುತ್ತದೆ. ತಿಂಗಳೆರಡು ಕಳೆದ ಮೇಲೆ ಆ ಪಟ್ಟಿ ಹಿಡಿದು ಹೊರಟ ಪ್ರತಿನಿಧಿ, ತೀರಿದ ಬಿಲ್ಲಿಗೇ ತಗಾದೆ ಮಾಡುತ್ತಾರೆ. ಬಿಲ್‌ವಾರು ಬಡ್ಡಿ ಲೆಕ್ಕ ಹಾಕುವವರಿಗೆ ಬಡ್ಡಿಯೂ ತಪ್ಪಾಗುತ್ತದೆ. ಗಿರಾಕಿಯೊಡನೆ ಮನಸ್ತಾಪವಾಗಲು ಇನ್ನೇನು ಬೇಕು?

ಆದ್ದರಿಂದ ವಸೂಲಿ ಪಟ್ಟಿಯಲ್ಲಿಯೇ ಬಿಲ್ಲಿನ ಸಂಖ್ಯೆಗೊಂದು ಕಲಂ ಇರುವಂತೆ ಮಾಲೀಕರು ನೋಡಿಕೊಳ್ಳಬೇಕು. ಸಂಖ್ಯೆ ಬರೆದಿರದಿದ್ದರೆ ಲೆಕ್ಕಿಗರನ್ನು ದೂರಿ ಫಲವಿಲ್ಲ. ಮುಂಗಡವಾಗಿ ಬಂದ ಹಣಕ್ಕೆ Advance ಎಂಬ ಆಯ್ಕೆ ಬೇರೆಯೇ ಇದೆ. ಯಾವ ಬಿಲ್ಲಿಗೆಂದು ನಿಜವಾಗಿಯೂ ತಿಳಿಯದಾಗ ಮಾತ್ರ On Account ಬಳಸತಕ್ಕದ್ದು.

ಈಗಾಗಲೇ ಸೇರಿಕೊಂಡಿರುವ ಇಂತಹ ನಮೂದುಗಳನ್ನು ಹುಡುಕಲು Alt+G ಒತ್ತಿ Ledger Outstandings ಎಂದು ಬರೆದು ಆಯಾ ಗಿರಾಕಿಯ ಖಾತೆ ತೆರೆಯಿರಿ. ಬಿಲ್ಲುಗಳು ಬಾಕಿಯಿರುವಾಗಲೇ On Account ಸಾಲಿನಲ್ಲಿ ಜಮೆ ಕಂಡರೆ, ಸಂಬಂಧಿಸಿದ ರಸೀದಿಯನ್ನು ತೆರೆದು ಬಿಲ್ಲುಗಳಿಗೆ ಹಂಚಿ ಮತ್ತೆ Ctrl+A ಒತ್ತಬೇಕು. ಕಂಪನಿಯಾಗಿ ನೋಂದಾಯಿತ ಸಂಸ್ಥೆಗಳು ಒಂದನ್ನು ಗಮನಿಸಬೇಕು: 2023ರ ಏಪ್ರಿಲ್ 1ರಿಂದ ಪ್ರತಿಯೊಂದು ಬದಲಾವಣೆಯ ದಾಖಲೆ ಉಳಿಸುವ ತಂತ್ರಾಂಶವನ್ನೇ ಅವು ಬಳಸುವುದು ಕಡ್ಡಾಯವಾಗಿದೆ. ಹೀಗೆ ತಿದ್ದಿದ ರಸೀದಿಯೂ ಆ ದಾಖಲೆಯಲ್ಲಿ ಕಾಣುವುದರಿಂದ, ತಿದ್ದುಪಡಿಯ ಕಾರಣವನ್ನು ವಿವರಣೆಯಲ್ಲಿ ಒಂದು ಸಾಲು ಬರೆದಿಟ್ಟರೆ ಲೆಕ್ಕಪರಿಶೋಧಕರ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.