ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ, ಆದರೂ ಬ್ಯಾಟರಿ ತಪ್ಪು

ಭಾವನ ಕಾರು ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಗುರುಗುಡುತ್ತಲೇ ಇತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹೊಸತರಲ್ಲಿ ಪ್ರತಿ ಕೆಂಪು ದೀಪಕ್ಕೂ ಅದು ತಾನಾಗಿ ಆಫ್ ಆಗುತ್ತಿತ್ತು, ಬ್ರೇಕ್‌ನಿಂದ ಕಾಲು ತೆಗೆದರೆ ಮತ್ತೆ ಚಾಲೂ. "ಮೂರು ತಿಂಗಳಿಂದ ಹಾಗೆ ಮಾಡ್ತಿಲ್ಲ. ಒಳ್ಳೇದೇ ಆಯ್ತು ಬಿಡು, ಅದೊಂದು ಕಿರಿಕಿರಿ" ಎಂದರು. ಬ್ಯಾಟರಿ ಯಾವಾಗ ಬದಲಿಸಿದಿರಿ ಎಂದು ಕೇಳಿದೆ. ಐದು ತಿಂಗಳ ಹಿಂದೆಯಂತೆ. ಅಂಗಡಿಯವನು "ಎಜಿಎಂ ಯಾಕೆ ಸಾರ್? ಇದೂ 70 ಆಂಪಿಯರ್ ಅವರ್, ಸೈಜೂ ಅದೇ, ದುಡ್ಡು ಮಾತ್ರ ಕಮ್ಮಿ" ಎಂದು ಮಾಮೂಲಿ ಬ್ಯಾಟರಿ ಕೂರಿಸಿ ಕಳಿಸಿದ್ದ.

ಅವನ ಮಾತಿನಲ್ಲಿ ಸುಳ್ಳಿಲ್ಲ. ಹೊಸ ಮಾಮೂಲಿ ಬ್ಯಾಟರಿ ಇಂಥ ಕಾರನ್ನು ಜೋರಾಗಿಯೇ ಸ್ಟಾರ್ಟ್ ಮಾಡುತ್ತದೆ. ಸ್ಟಾರ್ಟರ್ ಮೋಟಾರು 250 ಆಂಪಿಯರ್ ಎಳೆದರೂ ಅದು ಒಂದು ಸೆಕೆಂಡಿನ ಕೆಲಸ; ಖರ್ಚಾಗುವುದು ಒಂದು ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಳೆಯ ಕಾರುಗಳಲ್ಲಿ ಬ್ಯಾಟರಿಯ ಮುಖ್ಯ ಕೆಲಸ ಅಷ್ಟೇ ಆಗಿತ್ತು. ಮುಂದಿನದನ್ನೆಲ್ಲ ಆಲ್ಟರ್ನೇಟರ್ ನೋಡಿಕೊಳ್ಳುತ್ತಿತ್ತು.

ಸ್ಟಾರ್ಟ್-ಸ್ಟಾಪ್ ಕಾರಿನ ಲೆಕ್ಕ ಬೇರೆ. ಸಿಗ್ನಲ್‌ನಲ್ಲಿ ಎಂಜಿನ್ ನಿಂತಾಗ ಆಲ್ಟರ್ನೇಟರೂ ನಿಲ್ಲುತ್ತದೆ. ಹೆಡ್‌ಲೈಟು, ಎಸಿಯ ಫ್ಯಾನು, ಹಾಡು, ಹತ್ತಾರು ಕಂಪ್ಯೂಟರುಗಳು ಬ್ಯಾಟರಿಯ ತಲೆಗೆ ಬೀಳುತ್ತವೆ. ಎಲ್ಲ ಸೇರಿ 30 ಆಂಪಿಯರ್ ಎಂದಿಟ್ಟುಕೊಂಡರೆ ನಿಮಿಷಕ್ಕೆ ಅರ್ಧ ಆಂಪಿಯರ್ ಅವರ್. ಬೆಂಗಳೂರಿನಲ್ಲಿ ಆಫೀಸಿನಿಂದ ಮನೆಗೆ ಬರುವಾಗ ಒಂದೊಂದು ನಿಮಿಷದ ಇಪ್ಪತ್ತು ಸಿಗ್ನಲ್ ಸಿಕ್ಕರೆ 10 ಆಂಪಿಯರ್ ಅವರ್, ಅಂದರೆ 70ರಲ್ಲಿ ಏಳನೇ ಒಂದು ಪಾಲು. ಅಷ್ಟನ್ನೂ ಎರಡು ಸಿಗ್ನಲ್‌ಗಳ ನಡುವಿನ ಚೂರುಪಾರು ಓಟದಲ್ಲೇ ತುಂಬಿಸಿಕೊಳ್ಳಬೇಕು. ಮಾಮೂಲಿ ಬ್ಯಾಟರಿ ಸೋಲುವುದು ಇಲ್ಲಿ. ಕೊಡುವುದು ಅದಕ್ಕೆ ಬರುತ್ತದೆ, ಬೇಗ ತುಂಬಿಕೊಳ್ಳುವುದು ಬರುವುದಿಲ್ಲ.

ಅರೆತುಂಬಿದ ಸ್ಥಿತಿಯಲ್ಲೇ ದಿನ ಕಳೆದರೆ ಅದರ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಟ್ಟುತ್ತದೆ. ಚಾರ್ಜು ಇನ್ನೂ ನಿಧಾನವಾಗುತ್ತದೆ. ಜೊತೆಗೆ, ಕಲಕದೆ ಬಿಟ್ಟ ಪಾನಕದ ತಳದಲ್ಲಿ ಬೆಲ್ಲ ಕೂತಂತೆ ಗಾಢ ಆಮ್ಲ ಕೆಳಗೆ ಇಳಿಯುತ್ತದೆ. ಪ್ಲೇಟಿನ ಮೇಲ್ಭಾಗಕ್ಕೆ ಕೆಲಸವಿಲ್ಲ, ಕೆಳಭಾಗಕ್ಕೆ ಎರಡು ಪಟ್ಟು ಸವೆತ. ಎಜಿಎಂನಲ್ಲಿ ಆಮ್ಲ ಕುಲುಕಾಡುವುದೇ ಇಲ್ಲ. ಗಾಜಿನ ನೂಲಿನ ಚಾಪೆಗಳು ಅದನ್ನು ಹೀರಿಕೊಂಡಿರುತ್ತವೆ. ಆ ಚಾಪೆಗಳ ನಡುವೆ ಪ್ಲೇಟುಗಳನ್ನು ಒತ್ತಿ ತುಂಬಿರುವುದರಿಂದ ಅವುಗಳ ಮೇಲಿನ ಲೇಪ ಉದುರುವುದೂ ಕಡಿಮೆ.

ಇದರಲ್ಲಿ ನನಗೆ ವಿಚಿತ್ರವೆನಿಸುವುದು ಕಾರಿನ ಒಳ್ಳೆಯತನ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ನಲ್ಲಿ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಚಾರ್ಜು ಸಾಲದು ಎಂದು ಅದು ಹೇಳಿದೊಡನೆ ಕಾರು ತಾನೇ ಸ್ಟಾರ್ಟ್-ಸ್ಟಾಪ್ ನಿಲ್ಲಿಸಿಬಿಡುತ್ತದೆ. ಗಾಡಿ ಕೈಕೊಡುವುದಿಲ್ಲ, ದೂರು ಬರುವುದಿಲ್ಲ, ಅಂಗಡಿಯವನ ತಪ್ಪು ತಿಂಗಳುಗಟ್ಟಲೆ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಕ್ಯಾಬಿನ್ ಬಿಸಿಯಾಗಿದ್ದರೂ ಎಂಜಿನ್ ಆಫ್ ಆಗದಿರಬಹುದು, ಅದು ದೋಷವಲ್ಲ. ತಂಪಾದ ಬೆಳಿಗ್ಗೆ, ಅರ್ಧ ಗಂಟೆ ಓಡಿದ ಮೇಲೂ ವಾರಗಟ್ಟಲೆ ಹೀಗೇ ಇದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ.

ಹಾಗಾದರೆ ಆಫ್ ಗುಂಡಿ ಒತ್ತಿಕೊಂಡೇ ಓಡಿಸಿದರಾಯಿತಲ್ಲ? ಭಾರ ತಗ್ಗುತ್ತದೆ, ನಿಜ. ಆದರೆ ಇಂಥ ಹಲವು ಕಾರುಗಳು ಬ್ರೇಕ್ ಹಾಕುವಾಗ ಸಿಗುವ ಪುಕ್ಕಟೆ ವಿದ್ಯುತ್ತಿಗೆ ಜಾಗವಿರಲೆಂದು ಬ್ಯಾಟರಿಯನ್ನು ಬೇಕೆಂದೇ ಪೂರ್ತಿ ತುಂಬಿಸುವುದಿಲ್ಲ. ಗುಂಡಿ ಒತ್ತಿದರೂ ಆ ಪದ್ಧತಿ ಬದಲಾಗದು.

ಮರುದಿನ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಹೋದೆ. ಭಾವನ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಬಾಗಿಲು ತೆರೆದರೆ ಕಂಪ್ಯೂಟರುಗಳು ಎಚ್ಚರಗೊಳ್ಳುವುದರಿಂದ ಅವು ಮಲಗುವವರೆಗೆ ಕಾದೆ. ತುಂಬಿದ ಮಾಮೂಲಿ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಇದು ತೋರಿಸಿದ್ದು 12.2, ಹೆಚ್ಚುಕಡಿಮೆ ಅರ್ಧ ಖಾಲಿ. ಮೂಲ ಬ್ಯಾಟರಿ ಎಜಿಎಂ ಎಂದೇ ಕಾರಿನ ಕಂಪ್ಯೂಟರು ಇನ್ನೂ ನಂಬಿತ್ತು, ಅದೂ ಹಳೆಯದು, ಬಳಲಿದ್ದು ಎಂದು. ಅದಕ್ಕೆ ತಕ್ಕಂತೆಯೇ ಚಾರ್ಜು ಕೊಡುತ್ತಿತ್ತು. ಎಜಿಎಂಗೆ ಹೊಂದುವ ಆ ವೋಲ್ಟೇಜು ಮಾಮೂಲಿ ಬ್ಯಾಟರಿಯಲ್ಲಿ ನೀರನ್ನು ಗಾಳಿಯಾಗಿಸಬಹುದು. ಡಿಕ್ಕಿಯಂಥ ಮುಚ್ಚಿದ ಜಾಗದಲ್ಲಿ ಹೊಗೆಕೊಳವೆ ಸಿಕ್ಕಿಸದೆ ಬಿಟ್ಟಿದ್ದರೆ ಅದು ಅಪಾಯವೇ.

ಎಲ್ಲ ಸ್ಟಾರ್ಟ್-ಸ್ಟಾಪ್ ಕಾರಿಗೂ ಎಜಿಎಂ ಬೇಕಿಲ್ಲ. ನಮ್ಮಲ್ಲಿ ಓಡುವ ಹಲವು ಕಾರುಗಳಿಗೆ ಇಎಫ್‌ಬಿ ಎಂಬ ಗಟ್ಟಿಗೊಳಿಸಿದ ದ್ರವ ಬ್ಯಾಟರಿ ಸಾಕು. ಮೂಲ ಬ್ಯಾಟರಿಯ ಲೇಬಲ್ ನೋಡಿದರೆ ತಿಳಿಯುತ್ತದೆ. ಇಎಫ್‌ಬಿ ಇದ್ದಲ್ಲಿ ಸಾಮಾನ್ಯವಾಗಿ ಎಜಿಎಂಗೆ ಏರಬಹುದು, ಎಜಿಎಂ ಇದ್ದಲ್ಲಿಂದ ಕೆಳಗೆ ಇಳಿಯಬಾರದು.

ಭಾವ ಎಜಿಎಂ ಹಾಕಿಸಿದರು. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಚುಚ್ಚಿ ಹೊಸ ಬ್ಯಾಟರಿ ಬಂದಿದೆಯೆಂದು ಕಾರಿಗೆ ದಾಖಲಿಸಿದರು. ಮೂರನೆಯ ದಿನ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಯಿತು. ಭಾವ ನನ್ನತ್ತ ಒಮ್ಮೆ ನೋಡಿ, ಆಫ್ ಗುಂಡಿ ಒತ್ತಿದರು.